ಹಾಡಿನ ಪ್ಲಾನ್ ಒಂದು, ಪಾಲು ನಾಲ್ಕು

ಪಾಠ: ಜೊತೆಯಲ್ಲಿ ಇರುವವರಿಗೆ ದುಡ್ಡಿನ ವಿಷಯ ಬರೆಯುವುದು ಹೇಗೆ?

ಓದುವ ಮೊದಲು ಯೋಚಿಸಿ

ನೀವು ಊರು ಬಿಟ್ಟು ಬಂದು, ನಾಲ್ಕು ಜನ ಸೇರಿ ಒಂದು ಮನೆಯಲ್ಲಿ ಇದ್ದೀರಾ? ಬಾಡಿಗೆ ಹಂಚಿಕೊಳ್ಳುತ್ತೀರಾ? ಗ್ಯಾಸು, ಅಕ್ಕಿ, ಕರೆಂಟು ಬಿಲ್ಲು ಹೇಗೆ ಹಂಚುತ್ತೀರಿ? ಯಾರಾದರೂ ಒಬ್ಬರು ಮುಂಚೆ ಕಟ್ಟಿ, ಆಮೇಲೆ ಕೇಳಲು ನಾಚಿಕೊಂಡದ್ದು ಉಂಟಾ? ಈ ಪಾಠ ಅಂಥ ಒಂದು ವಿಷಯದ ಬಗ್ಗೆ.

ತಿರುಪ್ಪೂರಿನ ಒಂದು ಮನೆ

ತಿರುಪ್ಪೂರಿನಲ್ಲಿ ಒಂದು ಮನೆ ಇದೆ ಎಂದುಕೊಳ್ಳಿ. ಅಲ್ಲಿ ಐದು ಮಂದಿ ಹೆಂಗಸರು ಬಾಡಿಗೆಗೆ ಇದ್ದಾರೆ. ಎಲ್ಲರ ಮನೆಮಾತು ಕನ್ನಡ. ಹೆಸರಿಗಿಂತ ಹೆಚ್ಚಾಗಿ ಅವರು ಒಬ್ಬರನ್ನೊಬ್ಬರು ಊರಿನಿಂದಲೇ ಕರೆಯುತ್ತಾರೆ.

ಕೊಳ್ಳೇಗಾಲದ ಅಕ್ಕ ಬನಿಯನ್ ಕಂಪನಿಯಲ್ಲಿ ಟೈಲರ್. ಗುಂಡ್ಲುಪೇಟೆಯ ಅಕ್ಕ ಓವರ್‌ಲಾಕ್ ಮಿಷನ್ನಿನಲ್ಲಿ ಕೂರುತ್ತಾರೆ. ಹನೂರಿನ ಅಕ್ಕ ಪ್ಯಾಕಿಂಗ್ ಮಾಡುತ್ತಾರೆ. ತಾಳವಾಡಿಯ ತಂಗಿ ಹೊಸದಾಗಿ ಚೆಕಿಂಗ್ ಕೆಲಸಕ್ಕೆ ಸೇರಿದ್ದಾಳೆ. ಅವಳ ಸಂಬಳ ಎಲ್ಲರಿಗಿಂತ ಕಡಿಮೆ. ಚಾಮರಾಜನಗರದ ದೊಡ್ಡಮ್ಮ ಅಡುಗೆ ನೋಡಿಕೊಳ್ಳುತ್ತಾರೆ. ದೊಡ್ಡಮ್ಮನ ಹತ್ತಿರ ಇರುವುದು ಬಟನ್ ಫೋನು. ಉಳಿದ ನಾಲ್ವರ ಹತ್ತಿರ ಟಚ್ ಫೋನು ಇದೆ.

ಕೆಲಸ ಮುಗಿದ ಮೇಲೆ ಎಲ್ಲರಿಗೂ ಹಾಡು ಬೇಕು. ಫೋನಿನಲ್ಲಿ ಹಾಡು ಪುಕ್ಕಟೆ ಸಿಗುತ್ತದೆ. ಆದರೆ ನಡುನಡುವೆ ಜಾಹೀರಾತು ಬರುತ್ತದೆ. ಸತ್ಯಮಂಗಲ ದಾಟಿ ದಿಂಬಂ ಘಟ್ಟ ಹತ್ತುವಾಗ ಇಪ್ಪತ್ತೇಳು ಹೇರ್‌ಪಿನ್ ತಿರುವು. ಅಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಹಾಡೂ ನಿಲ್ಲುತ್ತದೆ. ತಿಂಗಳಿಗೆ ಇಷ್ಟು ಎಂದು ದುಡ್ಡು ಕಟ್ಟಿದರೆ ಜಾಹೀರಾತು ಇರುವುದಿಲ್ಲ. ಹಾಡನ್ನು ಮೊದಲೇ ಫೋನಿಗೆ ಇಳಿಸಿಕೊಂಡು, ನೆಟ್‌ವರ್ಕ್ ಇಲ್ಲದ ಕಡೆಯೂ ಕೇಳಬಹುದು.

ಅದಕ್ಕೇ ಕೊಳ್ಳೇಗಾಲದ ಅಕ್ಕ ಯೂಟ್ಯೂಬ್ ಪ್ರೀಮಿಯಂನ ಫ್ಯಾಮಿಲಿ ಪ್ಲಾನ್ ಹಾಕಿಸಿದರು. ಹಾಡು ಕೇಳುವ ಯೂಟ್ಯೂಬ್ ಮ್ಯೂಸಿಕ್ ಅದರ ಒಳಗೇ ಸೇರಿದೆ. ಮನೆಯವರನ್ನು ಕೇಳಲಿಲ್ಲ. ಸಂಜೆ ಎಲ್ಲರ ಫೋನು ಇಸಿದುಕೊಂಡು ತಾವೇ ಸೇರಿಸಿದರು. "ಇನ್ನು ಜಾಹೀರಾತು ಇಲ್ಲ ಕಣ್ರೇ" ಎಂದರು. ಎಲ್ಲರಿಗೂ ಖುಷಿಯಾಯಿತು.

ಮೂರು ತಿಂಗಳು ಅಕ್ಕನ ಖಾತೆಯಿಂದಲೇ ದುಡ್ಡು ಹೋಯಿತು. ಗುಂಡ್ಲುಪೇಟೆಯ ಅಕ್ಕ ಒಮ್ಮೆ ನೂರು ರೂಪಾಯಿ ಕೊಟ್ಟರು. ಹನೂರಿನ ಅಕ್ಕನೂ ಒಮ್ಮೆ ನೂರು ಕೊಟ್ಟರು. ತಾಳವಾಡಿಯ ತಂಗಿ "ಶನಿವಾರ ಕೊಡ್ತೀನಿ ಅಕ್ಕಾ" ಎಂದಳು. ಆ ಶನಿವಾರ ಬರಲೇ ಇಲ್ಲ. ಯಾರು ಎಷ್ಟು ಕೊಡಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ.

ಒಂದು ರಾತ್ರಿ ಅಕ್ಕ ಬೇಸರದಲ್ಲಿ ಮನೆಯ ವಾಟ್ಸಪ್ ಗುಂಪಿಗೆ ಹೀಗೆ ಬರೆದರು:

"ಹಾಡಿನ ದುಡ್ಡು ಯಾರೂ ಕೊಡ್ತಾ ಇಲ್ಲ. ಎಷ್ಟು ಸಲ ಕೇಳೋದು? ಕೇಳೋವಾಗ ಎಲ್ಲರಿಗೂ ಬೇಕು, ಕಟ್ಟೋವಾಗ ನಾನೊಬ್ಬಳೇನಾ?"

ಮರುದಿನ ಮನೆಯಲ್ಲಿ ಮಾತಿಲ್ಲ. ತಂಗಿ ಅತ್ತಳು. ಹನೂರಿನ ಅಕ್ಕ "ನಾನು ಕೊಟ್ಟಿದೀನಲ್ಲ!" ಎಂದು ಸಿಟ್ಟಾದರು. ದೊಡ್ಡಮ್ಮನಿಗೆ ಏನಾಯಿತೆಂದೇ ತಿಳಿಯಲಿಲ್ಲ, ಏಕೆಂದರೆ ಅವರ ಫೋನಿನಲ್ಲಿ ವಾಟ್ಸಪ್ ಇಲ್ಲ.

ಆ ಸಂದೇಶದಲ್ಲಿ ಏನು ಕಡಿಮೆ?

ಸಂದೇಶವನ್ನು ಇನ್ನೊಮ್ಮೆ ಓದಿ. ಒಟ್ಟು ಎಷ್ಟು ದುಡ್ಡು ಎಂದು ಅದರಲ್ಲಿ ಇಲ್ಲ. ಒಬ್ಬೊಬ್ಬರ ಪಾಲು ಎಷ್ಟು ಎಂದು ಇಲ್ಲ. ಯಾವ ದಿನ ಕೊಡಬೇಕು ಎಂದು ಇಲ್ಲ. ಬೇಡ ಎನ್ನುವವರು ಏನು ಮಾಡಬೇಕು ಎಂದೂ ಇಲ್ಲ. ಕೊಟ್ಟವರನ್ನೂ ಕೊಡದವರನ್ನೂ ಒಂದೇ ಮಾತಿನಲ್ಲಿ ಬೈದಂತೆ ಆಗಿದೆ.

ಇನ್ನೂ ಒಂದು ತಪ್ಪು ಇದೆ. ಅದು ಸಂದೇಶಕ್ಕಿಂತ ಮೊದಲೇ ಆದದ್ದು. ಅಕ್ಕ ಮೊದಲು ಕೇಳದೆ ಪ್ಲಾನ್ ಹಾಕಿಸಿದರು. ನಾವು ಕೇಳದೆ ಕೊಂಡದ್ದಕ್ಕೆ ಇನ್ನೊಬ್ಬರಿಂದ ಹಕ್ಕಿನಿಂದ ದುಡ್ಡು ಕೇಳಲು ಆಗುವುದಿಲ್ಲ. ತಂಗಿಯ ಕಡೆಯಿಂದ ನೋಡಿ. ಅವಳು ಅದನ್ನು ಅಕ್ಕನ ಪ್ರೀತಿ ಎಂದುಕೊಂಡಳು. ಸಾಲ ಎಂದುಕೊಳ್ಳಲಿಲ್ಲ.

ಈಗ ಅಕ್ಕ ಹೊಸದಾಗಿ ಸಂದೇಶ ಬರೆಯಬೇಕು. ಬರೆಯುವ ಮೊದಲು ಎರಡು ಕೆಲಸ ಮಾಡಬೇಕು. ಮೊದಲನೆಯದು ಪ್ಲಾನಿನ ಷರತ್ತು ತಿಳಿಯುವುದು. ಎರಡನೆಯದು ಲೆಕ್ಕ ಹಾಕುವುದು.

ಮೊದಲ ಕೆಲಸ: ಷರತ್ತು ತಿಳಿಯಿರಿ

ಈ ಪ್ಲಾನಿನಲ್ಲಿ ದುಡ್ಡು ಕಟ್ಟುವವರನ್ನು ಫ್ಯಾಮಿಲಿ ಮ್ಯಾನೇಜರ್ ಎನ್ನುತ್ತಾರೆ. ಅವರು ತಮ್ಮ ಜೊತೆಗೆ ಇನ್ನೂ ಐದು ಜನರನ್ನು ಸೇರಿಸಬಹುದು. ಅಂದರೆ ಒಟ್ಟು ಆರು ಜಾಗ. ಸೇರುವವರು ಮ್ಯಾನೇಜರ್ ಇರುವ ಮನೆಯಲ್ಲೇ ವಾಸ ಇರಬೇಕು ಎಂಬುದು ಷರತ್ತು. ಊರಿನಲ್ಲಿರುವ ತಮ್ಮನನ್ನೋ, ಕೊಯಮತ್ತೂರಿನ ಮಿಲ್ಲಿನ ಹಾಸ್ಟೆಲಿನಲ್ಲಿ ಇರುವ ಗೆಳತಿಯನ್ನೋ ಇದಕ್ಕೆ ಸೇರಿಸುವಂತಿಲ್ಲ.

ಎಲ್ಲ ಕಂಪನಿಗಳ ಷರತ್ತೂ ಒಂದೇ ಅಲ್ಲ. ಒಂದೇ ಮನೆಯಲ್ಲಿ ಇದ್ದರೆ ಸಾಲದು, ಒಂದೇ ಕುಟುಂಬದವರೂ ಆಗಿರಬೇಕು ಎಂದು ಕೆಲವು ಕಡೆ ಬರೆದಿರುತ್ತಾರೆ. ಹಾಗೆ ಬರೆದಿದ್ದರೆ ಆ ಪ್ಲಾನ್ ಜೊತೆವಾಸಿಗಳಿಗೆ ಅಲ್ಲ. ದುಡ್ಡು ಕಟ್ಟುವ ಮೊದಲೇ ಓದಿ. ಓದಲು ಕಷ್ಟವಾದರೆ ಓದು ಬಲ್ಲವರಿಂದ ಓದಿಸಿ ಕೇಳಿ.

ಇನ್ನೊಂದು ಷರತ್ತು ಬಹಳ ಜನರಿಗೆ ತಿಳಿದಿಲ್ಲ. ಯೂಟ್ಯೂಬ್ ಗೂಗಲ್ ಕಂಪನಿಯದು. ಗೂಗಲ್‌ನಲ್ಲಿ ಒಬ್ಬರು ಒಂದು ಸಲಕ್ಕೆ ಒಂದೇ ಫ್ಯಾಮಿಲಿ ಗುಂಪಿನಲ್ಲಿ ಇರಬಹುದು. ಒಂದು ಗುಂಪು ಬಿಟ್ಟು ಇನ್ನೊಂದಕ್ಕೆ ಹೋಗುವುದು ಹನ್ನೆರಡು ತಿಂಗಳಿಗೆ ಒಮ್ಮೆ ಮಾತ್ರ. ಹನೂರಿನ ಅಕ್ಕ ಆರು ತಿಂಗಳಲ್ಲಿ ಊರಿಗೆ ಹೋಗಿ ಗಂಡನ ಗುಂಪಿಗೆ ಸೇರಬೇಕು ಎಂದಿದ್ದರೆ, ಇಲ್ಲಿ ಸೇರುವ ಮೊದಲೇ ಯೋಚಿಸಬೇಕು. ಆದ್ದರಿಂದ ಯಾರನ್ನೂ ಕೇಳದೆ ಸೇರಿಸಬಾರದು.

ಪಾಸ್‌ವರ್ಡ್ ಹಂಚಿಕೊಳ್ಳುವ ಅಗತ್ಯ ಇಲ್ಲ. ಪ್ರತಿಯೊಬ್ಬರೂ ತಮ್ಮ ಫೋನಿನಲ್ಲಿ ತಮ್ಮ ಖಾತೆಯಿಂದಲೇ ಸೇರುತ್ತಾರೆ. ನೀವು ಯಾವ ಹಾಡು ಕೇಳಿದಿರಿ ಎಂದು ಉಳಿದವರಿಗೆ ಕಾಣುವುದಿಲ್ಲ. ಯಾರಾದರೂ "ನಿನ್ನ ಪಾಸ್‌ವರ್ಡ್ ಕೊಡು, ಸೇರಿಸ್ತೀನಿ" ಎಂದರೆ ಕೊಡಬೇಡಿ.

ಎರಡನೆಯ ಕೆಲಸ: ಲೆಕ್ಕ ಹಾಕಿ

2024ರ ಆಗಸ್ಟ್ ತಿಂಗಳಲ್ಲಿ ಈ ಫ್ಯಾಮಿಲಿ ಪ್ಲಾನಿನ ಬೆಲೆ ಏರಿತು. ಅದಕ್ಕೆ ಮೊದಲು ತಿಂಗಳಿಗೆ 189 ರೂಪಾಯಿ ಇತ್ತು. ಆಗ 299 ರೂಪಾಯಿ ಆಯಿತು. ಒಬ್ಬರೇ ಹಾಕಿಸಿಕೊಳ್ಳುವ ಪ್ಲಾನ್ 129ರಿಂದ 149 ರೂಪಾಯಿ ಆಯಿತು. ಬೆಲೆ ಆಗಾಗ ಬದಲಾಗುತ್ತದೆ. ನೀವು ಲೆಕ್ಕ ಹಾಕುವಾಗ ನಿಮ್ಮ ಫೋನಿನಲ್ಲಿ ಆ ದಿನ ಕಾಣುವ ಬೆಲೆಯನ್ನೇ ಹಿಡಿಯಿರಿ. ಈ ಪಾಠದಲ್ಲಿ 299 ರೂಪಾಯಿಯ ಲೆಕ್ಕ ಹಾಕೋಣ.

ಐದು ಜನ ಸೇರಿದರೆ, 299ನ್ನು 5ರಿಂದ ಭಾಗಿಸಿ. 59 ರೂಪಾಯಿ 80 ಪೈಸೆ ಬರುತ್ತದೆ. ಚಿಲ್ಲರೆ ಬೇಡ. 60 ರೂಪಾಯಿ ಎನ್ನೋಣ.

ನಾಲ್ಕು ಜನ ಸೇರಿದರೆ 74 ರೂಪಾಯಿ 75 ಪೈಸೆ. ಅಂದರೆ 75 ರೂಪಾಯಿ.

ಮೂರು ಜನ ಸೇರಿದರೆ ಒಬ್ಬೊಬ್ಬರಿಗೆ ಸುಮಾರು 100 ರೂಪಾಯಿ.

ಇಬ್ಬರೇ ಆದರೆ 149 ರೂಪಾಯಿ 50 ಪೈಸೆ.

ಕೊನೆಯ ಸಾಲನ್ನು ಗಮನಿಸಿ. ಒಬ್ಬರೇ ಹಾಕಿಸಿಕೊಂಡರೆ 149 ರೂಪಾಯಿ. ಇಬ್ಬರು ಹಂಚಿಕೊಂಡರೆ 149 ರೂಪಾಯಿ 50 ಪೈಸೆ. ಇಬ್ಬರಿಗೆ ಈ ಪ್ಲಾನಿನಿಂದ ಲಾಭವೇ ಇಲ್ಲ. ಮೂವರು ಇದ್ದರೆ ಮಾತ್ರ ಉಳಿತಾಯ. ಆದ್ದರಿಂದ ಮನೆಯಲ್ಲಿ ಇಬ್ಬರೇ ಉಳಿದ ದಿನ ಪ್ಲಾನ್ ನಿಲ್ಲಿಸುವುದೇ ಸರಿ. ಈ ಮಾತನ್ನು ಮೊದಲೇ ಹೇಳಿಬಿಟ್ಟರೆ, ಕೊನೆಗೆ ಉಳಿದವರ ತಲೆಯ ಮೇಲೆ ಭಾರ ಬೀಳುವುದಿಲ್ಲ.

ಹಾಗಾದರೆ ನ್ಯಾಯ ಯಾವುದು?

ಮನೆಯಲ್ಲಿ ಕೂತು ಮಾತಾಡಿದಾಗ ಮೂರು ಮಾತು ಬರುತ್ತವೆ.

ಒಂದು ಮಾತು: "ಹೆಚ್ಚು ಕೇಳೋರು ಹೆಚ್ಚು ಕೊಡಲಿ." ಕೇಳಲು ಇದು ಚೆನ್ನಾಗಿದೆ. ಆದರೆ ಯಾರು ಎಷ್ಟು ಕೇಳಿದರು ಎಂದು ಅಳೆಯುವುದು ಹೇಗೆ? ಒಬ್ಬರ ಫೋನನ್ನು ಇನ್ನೊಬ್ಬರು ನೋಡಬೇಕಾಗುತ್ತದೆ. ಕಂಪನಿಯೂ ಗಂಟೆಯ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಒಬ್ಬರು ಹೆಚ್ಚು ಕೇಳಿದರೆ ಇನ್ನೊಬ್ಬರಿಗೆ ಕಡಿಮೆ ಆಗುವುದಿಲ್ಲ. ಅಕ್ಕಿಯ ಹಾಗೆ ಇದು ಖರ್ಚಾಗಿ ಹೋಗುವ ಪದಾರ್ಥ ಅಲ್ಲ. ಹಾಗಾಗಿ ಈ ದಾರಿ ಬೇಡ.

ಎರಡನೆಯ ಮಾತು: "ಮನೆಯಲ್ಲಿ ಐದು ಜನ, ಐವರೂ ಸಮ ಕೊಡಲಿ." ಹೀಗಾದರೆ ದೊಡ್ಡಮ್ಮನೂ 60 ರೂಪಾಯಿ ಕೊಡಬೇಕು. ಆದರೆ ದೊಡ್ಡಮ್ಮನ ಬಟನ್ ಫೋನಿನಲ್ಲಿ ಈ ಪ್ಲಾನ್ ನಡೆಯುವುದೇ ಇಲ್ಲ. ಅಡುಗೆಮನೆಯಲ್ಲಿ ಯಾರಾದರೂ ಹಾಡು ಹಾಕಿದರೆ ಅವರ ಕಿವಿಗೂ ಬೀಳುತ್ತದೆ, ಅಷ್ಟೆ. ಅವರು ಕೇಳಿ ಪಡೆದದ್ದಲ್ಲ. ಅವರಿಂದ ದುಡ್ಡು ಕೇಳುವುದು ನ್ಯಾಯವಲ್ಲ.

ಮೂರನೆಯ ಮಾತು: "ಯಾರ ಫೋನಿನಲ್ಲಿ ಜಾಗ ಇದೆಯೋ, ಯಾರು ಬೇಕು ಎಂದರೋ, ಅವರು ಸಮವಾಗಿ ಕೊಡಲಿ." ಇದನ್ನು ಎಣಿಸುವುದು ಸುಲಭ. ಬೇಕು ಎಂದವರ ತಲೆ ಎಣಿಸಿದರೆ ಆಯಿತು. ಈ ಮನೆಯಲ್ಲಿ ನಾಲ್ಕು ಫೋನು, ನಾಲ್ಕು ಪಾಲು, ತಲಾ 75 ರೂಪಾಯಿ. ಈ ದಾರಿಯೇ ವಾಸಿ.

ಈ ದಾರಿಯಲ್ಲೂ ಎರಡು ಪ್ರಶ್ನೆ ಉಳಿಯುತ್ತವೆ.

ಗುಂಡ್ಲುಪೇಟೆಯ ಅಕ್ಕ ಕೇಳುತ್ತಾರೆ: "ನಾನು ಹಬ್ಬಕ್ಕೆ ಹದಿನೈದು ದಿನ ಊರಿಗೆ ಹೋಗ್ತೀನಿ. ಆ ತಿಂಗಳು ಅರ್ಧ ಕೊಟ್ಟರೆ ಸಾಕಲ್ವಾ?" ಊರಿಗೆ ಹೋದಾಗಲೂ ಅವರ ಜಾಗ ಅವರಿಗೇ ಇರುತ್ತದೆ. ಬಸ್ಸಿನಲ್ಲೂ ಊರಲ್ಲೂ ಹಾಡು ಕೇಳಬಹುದು. ಕಂಪನಿ ಅರ್ಧ ತಿಂಗಳಿಗೆ ಅರ್ಧ ಬೆಲೆ ಎನ್ನುವುದಿಲ್ಲ. ಒಬ್ಬರು ಅರ್ಧ ಕೊಟ್ಟರೆ ಮಿಕ್ಕ ಅರ್ಧ ಉಳಿದವರ ಮೇಲೆ ಬೀಳುತ್ತದೆ. ಆದ್ದರಿಂದ ಪೂರ್ತಿ ಪಾಲು ಕೊಡಬೇಕು.

ತಾಳವಾಡಿಯ ತಂಗಿಯದು ಬೇರೆ ಪ್ರಶ್ನೆ. ಅವಳು ಬಾಯಿ ಬಿಟ್ಟು ಕೇಳುವುದಿಲ್ಲ. ಅವಳ ಸಂಬಳ ಕಡಿಮೆ, ಊರಿಗೂ ಕಳಿಸಬೇಕು. 75 ರೂಪಾಯಿ ಅವಳಿಗೆ ಭಾರ ಆಗಬಹುದು. ಅವಳಿಗೆ "ಬೇಡ" ಎನ್ನಲು ದಾರಿ ಬಿಡಬೇಕು. ಎಲ್ಲರ ಎದುರಿಗೆ ಕೇಳಿದರೆ ನಾಚಿಕೆಯಿಂದ "ಹೂಂ" ಎನ್ನುತ್ತಾಳೆ, ಆಮೇಲೆ ಕೊಡಲಾರದೆ ತಪ್ಪಿಸಿಕೊಂಡು ಓಡಾಡುತ್ತಾಳೆ. ಹಿಂದೆ ಆದದ್ದು ಅದೇ. ಆದ್ದರಿಂದ ಉತ್ತರವನ್ನು ಒಬ್ಬೊಬ್ಬರೇ ಬೇರೆಯಾಗಿ ಹೇಳುವಂತೆ ಇರಲಿ. ಅವಳು ಬೇಡ ಎಂದರೆ ಉಳಿದ ಮೂವರಿಗೆ ತಲಾ 100 ರೂಪಾಯಿ ಆಗುತ್ತದೆ. ಅದನ್ನೂ ಸಂದೇಶದಲ್ಲಿ ಮೊದಲೇ ಬರೆಯಬೇಕು.

ಹಳೆಯ ದುಡ್ಡು ಏನು ಮಾಡುವುದು?

ಮೂರು ತಿಂಗಳಿಗೆ ಅಕ್ಕ 299 ಸಲ ಮೂರು, ಅಂದರೆ 897 ರೂಪಾಯಿ ಕಟ್ಟಿದ್ದಾರೆ. ಇಬ್ಬರು ಅಕ್ಕಂದಿರು ತಲಾ 100 ಕೊಟ್ಟಿದ್ದಾರೆ. ತಂಗಿ ಏನೂ ಕೊಟ್ಟಿಲ್ಲ.

ಅಕ್ಕ "ಹಳೇದು ಬಿಟ್ಟೆ" ಎಂದುಬಿಟ್ಟರೆ ಒಂದು ತೊಂದರೆ ಇದೆ. ಕೊಡದವಳಿಗೆ ಮಾಫಿ, ಕೊಟ್ಟವರ ದುಡ್ಡು ಹೋಯಿತು ಎಂದಾಗುತ್ತದೆ. ಬಿಡುವುದಾದರೆ ಎಲ್ಲರಿಗೂ ಒಂದೇ ಸಮ ಬಿಡಬೇಕು. ಕೊಟ್ಟ 100 ರೂಪಾಯಿಯನ್ನು ಮುಂದಿನ ತಿಂಗಳಿಗೆ ಹಿಡಿದರೆ ಸರಿಹೋಗುತ್ತದೆ. 100ರಲ್ಲಿ 75 ಕಳೆಯಿರಿ. 25 ಉಳಿಯಿತು. ಅಂದರೆ ಆ ಇಬ್ಬರು ಅಕ್ಕಂದಿರು ಮೊದಲ ತಿಂಗಳು ಏನೂ ಕೊಡಬೇಕಿಲ್ಲ. ಎರಡನೆಯ ತಿಂಗಳು 50 ಕೊಟ್ಟರೆ ಸಾಕು. ಮೂರನೆಯ ತಿಂಗಳಿಂದ 75.

ಹಳೆಯದನ್ನು ಬಿಡಲೇಬೇಕು ಎಂದೇನೂ ಇಲ್ಲ. ಮೊದಲೇ ಎಲ್ಲರೂ ಒಪ್ಪಿದ್ದರೆ ಕೇಳುವುದರಲ್ಲಿ ತಪ್ಪಿಲ್ಲ. ಇಲ್ಲಿ ಮೊದಲು ಮಾತು ಆಗಿರಲಿಲ್ಲ, ಅದಕ್ಕೇ ಅಕ್ಕ ಬಿಟ್ಟರು.

ಅಕ್ಕ ಬರೆದ ಹೊಸ ಸಂದೇಶ

ಈಗ ಈ ಸಂದೇಶವನ್ನು ನಿಧಾನವಾಗಿ ಓದಿ. ಅಕ್ಕ ಆಡುಮಾತಿನಲ್ಲೇ ಬರೆದಿದ್ದಾರೆ. ಮನೆಯವರಿಗೆ ಬರೆಯುವಾಗ ಹಾಗೆ ಬರೆಯಬಹುದು.

"ದೊಡ್ಡಮ್ಮನಿಗೂ ಅಕ್ಕಂದಿರಿಗೂ ತಂಗಿಗೂ ನಮಸ್ಕಾರ.

ಹಾಡಿನ ಪ್ಲಾನಿನ ವಿಷಯ ಬರೀತಾ ಇದೀನಿ. ನಿಮ್ಮನ್ನ ಕೇಳದೆ ಹಾಕಿಸಿದ್ದು ನನ್ನ ತಪ್ಪು. ಆವತ್ತು ಸಿಟ್ಟಿನಲ್ಲಿ ಬರೆದಿದ್ದೂ ತಪ್ಪು. ಹಿಂದಿನ ಮೂರು ತಿಂಗಳ ದುಡ್ಡು ನಾನು ಕೇಳಲ್ಲ. ಗುಂಡ್ಲುಪೇಟೆ ಅಕ್ಕ, ಹನೂರು ಅಕ್ಕ ತಲಾ 100 ಕೊಟ್ಟಿದೀರಿ. ಅದನ್ನ ಮುಂದಿನ ತಿಂಗಳಿಗೆ ಹಿಡೀತೀನಿ.

ಮುಂದಿನ ತಿಂಗಳಿಂದ ಹೀಗೆ ಮಾಡೋಣವಾ?

1. ಪ್ಲಾನಿಗೆ ತಿಂಗಳಿಗೆ 299 ರೂಪಾಯಿ. ಬೇಕು ಅಂದವರು ಸಮವಾಗಿ ಹಂಚಿಕೊಳ್ಳೋಣ. ನಾಲ್ಕು ಜನ ಆದರೆ ತಲಾ 75. ಮೂರು ಜನ ಆದರೆ ತಲಾ 100. ಇಬ್ಬರೇ ಆದರೆ ಪ್ಲಾನ್ ನಿಲ್ಲಿಸಿಬಿಡೋಣ.

2. ದೊಡ್ಡಮ್ಮ ಏನೂ ಕೊಡೋದು ಬೇಡ.

3. ದುಡ್ಡು ನನ್ನ ಖಾತೆಯಿಂದ ಪ್ರತಿ ತಿಂಗಳು 10ನೇ ತಾರೀಕು ಹೋಗುತ್ತೆ. ತಿಂಗಳ ಮೊದಲನೇ ಶನಿವಾರ ಸಂಬಳ ಬಂದಾಗ ನನಗೆ ಕೊಡಿ. ಕೈಗೆ ಕೊಟ್ಟರೂ ಸರಿ, ಫೋನಿನಲ್ಲಿ ಹಾಕಿದರೂ ಸರಿ.

4. ನಾಲ್ಕು ಜನ ಆದರೆ ಮೂವರಿಂದ ನನಗೆ 225 ಬರುತ್ತೆ. ನನ್ನ ಪಾಲು 74 ಆಗುತ್ತೆ, ನಿಮಗಿಂತ ಒಂದು ರೂಪಾಯಿ ಕಡಿಮೆ. ಚಿಲ್ಲರೆ ತಾಪತ್ರಯ ಬೇಡ ಅಂತ ಹಾಗೆ ಇಟ್ಟಿದೀನಿ. ಬೇಡ ಅಂದರೆ ಹೇಳಿ, ಆ ಒಂದು ರೂಪಾಯಿ ಮನೆ ಡಬ್ಬಿಗೆ ಹಾಕ್ತೀನಿ.

5. ಬಿಡೋರು ಮೊದಲನೇ ಶನಿವಾರದ ಒಳಗೆ ಹೇಳಿ. ಕಟ್ಟಿ ಆದ ತಿಂಗಳ ದುಡ್ಡು ವಾಪಸ್ ಬರಲ್ಲ.

6. ಬೆಲೆ ಏರಿದರೆ ನಾನೇ ಕಟ್ಟಲ್ಲ. ಮೊದಲು ನಿಮ್ಮನ್ನ ಕೇಳ್ತೀನಿ.

ಬೇಡ ಅನ್ನೋದರಲ್ಲಿ ತಪ್ಪೇನೂ ಇಲ್ಲ. ಯಾಕೆ ಅಂತ ನಾನು ಕೇಳಲ್ಲ. ಭಾನುವಾರದ ಒಳಗೆ ನನಗೊಬ್ಬಳಿಗೇ ಹೇಳಿ, ಇಲ್ಲಾ ಬೇರೆ ಮೆಸೇಜ್ ಹಾಕಿ. ಇದರಲ್ಲಿ ಸರಿಯಿಲ್ಲ ಅನ್ನಿಸಿದ್ದು ಇದ್ದರೆ ಅದನ್ನೂ ಹೇಳಿ, ಬದಲಾಯಿಸೋಣ.

ಇತಿ, ಕೊಳ್ಳೇಗಾಲದವಳು."

ಈ ಸಂದೇಶವನ್ನು ಅಕ್ಕ ವಾಟ್ಸಪ್‌ನಲ್ಲಿ ಹಾಕಿದರು. ಆಮೇಲೆ ಅಡುಗೆಮನೆಯಲ್ಲಿ ಕೂತು ದೊಡ್ಡಮ್ಮನಿಗೆ ಓದಿ ಹೇಳಿದರು. ದೊಡ್ಡಮ್ಮ ದುಡ್ಡು ಕೊಡುವವರಲ್ಲ, ನಿಜ. ಆದರೂ ಮನೆಯ ಮಾತು ಮನೆಯವರೆಲ್ಲರಿಗೂ ತಿಳಿಯಬೇಕು.

ಸಂದೇಶದಲ್ಲಿ ಗಮನಿಸಿ

ಮೊದಲನೇ ಶನಿವಾರ ಎಂದು ಅಕ್ಕ ಏಕೆ ಬರೆದರು? ಅವರ ಕಂಪನಿಗಳಲ್ಲಿ ವಾರದ ಸಂಬಳ ಶನಿವಾರ ಸಿಗುತ್ತದೆ. ಕೈಯಲ್ಲಿ ದುಡ್ಡು ಇರುವ ದಿನ ಕೇಳಿದರೆ ಕೊಡುವುದು ಸುಲಭ. ಅಲ್ಲದೆ ಮೊದಲನೇ ಶನಿವಾರ ಯಾವಾಗಲೂ 7ನೇ ತಾರೀಕಿನ ಒಳಗೇ ಬರುತ್ತದೆ. ದುಡ್ಡು ಹೋಗುವುದು 10ಕ್ಕೆ. ನಡುವೆ ಮೂರು ದಿನವಾದರೂ ಸಿಗುತ್ತದೆ. ಅಕ್ಕ ತಮ್ಮ ಕೈಯಿಂದ ಮುಂಚೆ ಹಾಕಬೇಕಿಲ್ಲ.

ಬೆಲೆ ಏರಿದರೆ ಕೇಳುತ್ತೇನೆ ಎಂದು ಏಕೆ ಬರೆದರು? ತಾನಾಗಿ ದುಡ್ಡು ಹೋಗುವ ಏರ್ಪಾಡಿಗೆ ಆಟೋಪೇ ಎನ್ನುತ್ತಾರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ, ದುಡ್ಡು ಹೋಗುವ 24 ಗಂಟೆ ಮೊದಲೇ ನಿಮಗೆ ಸಂದೇಶ ಬರಬೇಕು. ಅದರಲ್ಲಿ ಎಷ್ಟು ದುಡ್ಡು ಹೋಗುತ್ತದೆ ಎಂದು ಇರುತ್ತದೆ. ಆ ಅಂಕಿಯನ್ನು ತಪ್ಪದೆ ಓದಿ. ಬೆಲೆ 189 ಇದ್ದಾಗ ನಾಲ್ವರಿಗೆ ತಲಾ 48 ಸಾಕಿತ್ತು. 299 ಆದಾಗ 75 ಆಯಿತು. 48ಕ್ಕೆ ಒಪ್ಪಿದವರು 75ಕ್ಕೂ ಒಪ್ಪಿದ್ದಾರೆ ಎಂದು ಹೇಳಲಾಗದು. ಅದಕ್ಕೇ ಮತ್ತೆ ಕೇಳಬೇಕು.

ಎಲ್ಲಿ ಎಡವುತ್ತೇವೆ?

ಪ್ಲಾನ್ ಬೇಡ ಎಂದಾಗ ಬಹಳ ಜನ ಫೋನಿನಿಂದ ಆ್ಯಪ್ ತೆಗೆದುಹಾಕುತ್ತಾರೆ. ದುಡ್ಡು ನಿಂತಿತು ಎಂದುಕೊಳ್ಳುತ್ತಾರೆ. ಆ್ಯಪ್ ತೆಗೆದರೆ ದುಡ್ಡು ನಿಲ್ಲುವುದಿಲ್ಲ. ಯೂಟ್ಯೂಬ್‌ನ ಒಳಗೆ ಹೋಗಿ ಸದಸ್ಯತ್ವವನ್ನೇ ರದ್ದು ಮಾಡಬೇಕು. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಎಂಬ ಕಡೆ ನೋಡಿದರೆ ಯಾವ ಯಾವ ದುಡ್ಡು ತಾನಾಗಿ ಹೋಗುತ್ತಿದೆ ಎಂದು ಕಾಣುತ್ತದೆ. ಅಲ್ಲಿಯೂ ನಿಲ್ಲಿಸಬಹುದು. ರದ್ದು ಮಾಡಿದರೂ, ಕಟ್ಟಿ ಆದ ತಿಂಗಳು ಮುಗಿಯುವವರೆಗೆ ಹಾಡು ಬರುತ್ತದೆ.

ಮನೆ ಬಿಟ್ಟು ಹೋದವರನ್ನು ಗುಂಪಿನಲ್ಲೇ ಉಳಿಸಿಕೊಳ್ಳುವುದು ಇನ್ನೊಂದು ತಪ್ಪು. "ಅವಳು ದುಡ್ಡು ಕಳಿಸ್ತಾಳೆ, ಇರಲಿ ಬಿಡಿ" ಎನ್ನಿಸುತ್ತದೆ. ಆದರೆ ಒಂದೇ ಮನೆ ಎಂಬ ಷರತ್ತು ಮುರಿದಂತೆ ಆಗುತ್ತದೆ. ಹೋದವರನ್ನು ತೆಗೆದು, ಉಳಿದವರ ಪಾಲನ್ನು ಹೊಸದಾಗಿ ಲೆಕ್ಕ ಹಾಕಬೇಕು.

ಫೋನಿನಲ್ಲಿ ದುಡ್ಡು ಪಡೆಯುವಾಗ ಒಂದು ಎಚ್ಚರ. ದುಡ್ಡು ಕಳಿಸುವವರು ಮಾತ್ರ ಯುಪಿಐ ಪಿನ್ ಒತ್ತಬೇಕು. ದುಡ್ಡು ಪಡೆಯುವವರು ಒತ್ತಬೇಕಾಗಿಲ್ಲ. ಪಿನ್ ಕೇಳಿದರೆ ನಿಮ್ಮ ದುಡ್ಡು ಹೊರಗೆ ಹೋಗುತ್ತಿದೆ ಎಂದು ಅರ್ಥ.

ಒಂದು ಪುಟದ ಲೆಕ್ಕ

ಭಾನುವಾರದ ಹೊತ್ತಿಗೆ ಉತ್ತರ ಬಂತು. ಗುಂಡ್ಲುಪೇಟೆ ಅಕ್ಕ, ಹನೂರು ಅಕ್ಕ "ಸರಿ" ಎಂದರು. ತಂಗಿ ಬಂದು ಮೆಲ್ಲಗೆ "ಈಗ ಬೇಡ ಅಕ್ಕಾ, ಸಂಬಳ ಹೆಚ್ಚಾದ ಮೇಲೆ ಸೇರ್ತೀನಿ" ಎಂದಳು. ಅಕ್ಕ "ಆಯ್ತು ಕಣವ್ವ" ಎಂದರು. ಯಾಕೆ ಎಂದು ಕೇಳಲಿಲ್ಲ.

ಈಗ ಮೂರು ಪಾಲು. ತಲಾ 100 ರೂಪಾಯಿ. ಇಬ್ಬರು ಅಕ್ಕಂದಿರು ಮೊದಲೇ 100 ಕೊಟ್ಟಿದ್ದರು. ಮೊದಲ ತಿಂಗಳಿಗೆ ಅದೇ ಸರಿಹೋಯಿತು, ಏನೂ ಮಿಕ್ಕಲಿಲ್ಲ. ಅಕ್ಕನ ಪಾಲು 99 ರೂಪಾಯಿ ಆಯಿತು. ಆ ಒಂದು ರೂಪಾಯಿಯನ್ನು ಡಬ್ಬಿಗೆ ಹಾಕಲು ಯಾರೂ ಹೇಳಲಿಲ್ಲ.

ಅಕ್ಕ ಒಂದು ನೋಟ್‌ಬುಕ್ಕಿನ ಪುಟದಲ್ಲಿ ತಿಂಗಳು, ಹೆಸರು, ಕೊಟ್ಟ ದಿನ, ರೂಪಾಯಿ ಎಂದು ನಾಲ್ಕು ಗೆರೆ ಎಳೆದರು. ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದರು. ದುಡ್ಡು ಕೊಟ್ಟವರು ತಮ್ಮ ಕೈಯಾರೆ ಬರೆಯುತ್ತಾರೆ. ಈಗ ಯಾರೂ ಯಾರನ್ನೂ ಕೇಳಬೇಕಿಲ್ಲ. ಗೋಡೆಯೇ ಹೇಳುತ್ತದೆ.

ಸಂಜೆ ದೊಡ್ಡಮ್ಮ ಸೊಪ್ಪು ಬಿಡಿಸುತ್ತಾ ಕೂತರೆ, ತಂಗಿಯೂ ಪಕ್ಕದಲ್ಲಿ ಕೂರುತ್ತಾಳೆ. ಯಾರದೋ ಫೋನಿನಲ್ಲಿ ಹಾಡು ಬರುತ್ತಿರುತ್ತದೆ. ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ.

ಹೊಸ ಪದಗಳು

ಷರತ್ತು: ಒಪ್ಪಿಕೊಂಡು ನಡೆಯಬೇಕಾದ ಕಟ್ಟಳೆ.
ತಲಾ: ಒಬ್ಬೊಬ್ಬರಿಗೆ.
ಜೊತೆವಾಸಿ: ಒಂದೇ ಮನೆಯಲ್ಲಿ ಜೊತೆಗೆ ಇರುವವರು.
ರದ್ದು ಮಾಡುವುದು: ಇಲ್ಲದಂತೆ ಮಾಡುವುದು, ನಿಲ್ಲಿಸುವುದು.
ಆಟೋಪೇ: ಪ್ರತಿ ತಿಂಗಳು ತಾನಾಗಿಯೇ ದುಡ್ಡು ಹೋಗುವ ಏರ್ಪಾಡು.

ಅಭ್ಯಾಸ

1. ಅಕ್ಕನ ಮೊದಲ ಸಂದೇಶದಲ್ಲಿ ಇಲ್ಲದ ಯಾವ ವಿಷಯಗಳು ಎರಡನೆಯ ಸಂದೇಶದಲ್ಲಿ ಇವೆ? ಮೂರನ್ನು ಬರೆಯಿರಿ.

2. ಮನೆಗೆ ಹೊಸಬರು ಇಬ್ಬರು ಬಂದರು. ಇಬ್ಬರೂ ಹಾಡಿನ ಪ್ಲಾನ್ ಬೇಕು ಎಂದರು. ಈಗ ಐದು ಪಾಲು. ಒಬ್ಬೊಬ್ಬರು ಎಷ್ಟು ಕೊಡಬೇಕು? ಅವರನ್ನು ಸೇರಿಸುವ ಮೊದಲು ಅಕ್ಕ ಯಾವ ಪ್ರಶ್ನೆ ಕೇಳಬೇಕು?

3. ಬೆಲೆ 360 ರೂಪಾಯಿ ಆಯಿತು ಎಂದುಕೊಳ್ಳಿ. ಮೂವರು ಇದ್ದಾರೆ. ತಲಾ ಎಷ್ಟು? ಒಬ್ಬರ ಪ್ಲಾನ್ 149 ರೂಪಾಯಿಯೇ ಇದ್ದರೆ, ಹಂಚಿಕೊಳ್ಳುವುದರಿಂದ ಒಬ್ಬೊಬ್ಬರಿಗೆ ಎಷ್ಟು ಉಳಿಯುತ್ತದೆ?

4. ನಿಮ್ಮ ಮನೆಯಲ್ಲಿ ಎಲ್ಲರೂ ಸೇರಿ ದುಡ್ಡು ಹಾಕುವ ಒಂದು ವಿಷಯವನ್ನು ಆರಿಸಿ. ಅದಕ್ಕೆ ಒಂದು ಸಂದೇಶ ಬರೆಯಿರಿ. ಒಟ್ಟು ಎಷ್ಟು, ತಲಾ ಎಷ್ಟು, ಯಾವ ದಿನ, ಬೇಡ ಎನ್ನುವವರು ಏನು ಮಾಡಬೇಕು, ಈ ನಾಲ್ಕೂ ಅದರಲ್ಲಿ ಇರಲಿ. ಬರೆದ ಮೇಲೆ ಪಕ್ಕದಲ್ಲಿ ಕೂತವರಿಗೆ ಓದಿ ಹೇಳಿ. ಅವರಿಗೆ ಅರ್ಥವಾಗದ ಕಡೆ ತಿದ್ದಿ.

ಲೆಕ್ಕದ ಉತ್ತರ: 2ನೆಯ ಪ್ರಶ್ನೆಗೆ 60 ರೂಪಾಯಿ. ಕೇಳಬೇಕಾದದ್ದು: "ನೀವು ಈಗಾಗಲೇ ಬೇರೆ ಫ್ಯಾಮಿಲಿ ಗುಂಪಿನಲ್ಲಿ ಇದೀರಾ?" 3ನೆಯ ಪ್ರಶ್ನೆಗೆ ತಲಾ 120 ರೂಪಾಯಿ, ಉಳಿತಾಯ 29 ರೂಪಾಯಿ.